ಬಾಕಿ ಸೊನ್ನೆ, ಆದರೂ ಬಿಲ್ಲು ಮುಗಿದಿಲ್ಲ

ಔಷಧಿ ಅಂಗಡಿಗೆ ಬಂದ ಗಿರಾಕಿಯೊಬ್ಬರು ಜ್ವರದ ಮಾತ್ರೆ ಕೇಳುತ್ತಾರೆ. ಇಡೀ ಸ್ಟ್ರಿಪ್ ಬೇಡ, ಬಿಡಿಯಾಗಿ ಮೂರು ಸಾಕು. ಒಂದಕ್ಕೆ 1 ರೂಪಾಯಿ 10 ಪೈಸೆ, ಮೂರಕ್ಕೆ 3 ರೂಪಾಯಿ 30 ಪೈಸೆ. ಗಿರಾಕಿ ಮೊಬೈಲ್ ತೆಗೆದು, ಗಾಜಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪೈಸೆಯೂ ಬಿಡದೆ 3.30 ಕಳಿಸುತ್ತಾರೆ. ದುಡ್ಡು ಬಂದ ಸದ್ದೂ ಆಗುತ್ತದೆ. ಆದರೆ ಅಂಗಡಿಯ ಕಂಪ್ಯೂಟರ್ ಆ ಬಿಲ್ಲನ್ನು ಮುಗಿಸಲು ಒಪ್ಪುವುದಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಪಾವತಿ ಅಪೂರ್ಣ’ ಎಂದು ಬರುತ್ತದೆ. ಬಾಕಿ ಎಷ್ಟು ಎಂದು ನೋಡಿದರೆ 0.00 ರೂಪಾಯಿ.

ಅಂಗಡಿ ಕಲ್ಪನೆಯದು, ಲೆಕ್ಕ ಮಾತ್ರ ನಿಜ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಯಾವ ಕಂಪ್ಯೂಟರ್‌ನಲ್ಲಾದರೂ ಇದನ್ನು ಈಗಲೇ ನೋಡಬಹುದು:

```python
>>> 1.10 * 3
3.3000000000000003
>>> 1.10 * 3 == 3.30
False
```

ಎರಡನೆಯ ಸಾಲಿನಲ್ಲಿರುವ ಜೋಡಿ ಸಮ ಚಿಹ್ನೆ ಒಂದು ಪ್ರಶ್ನೆ: ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇನಾ? ಕಂಪ್ಯೂಟರ್ ‘ಅಲ್ಲ’ ಎನ್ನುತ್ತಿದೆ. ಬಿಲ್ಲು ಬರೆಯುವ ಪ್ರೋಗ್ರಾಂ ಕೇಳಿದ್ದೂ ಇದನ್ನೇ. ಬಿಲ್ಲಿನ ಮೊತ್ತವೂ ಬಂದ ಹಣವೂ ಒಂದೇ ಆಗಿದ್ದರೆ ಮುಗಿಸು, ಇಲ್ಲವಾದರೆ ಬಾಕಿ ತೋರಿಸು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಎರಡರ ನಡುವೆ ವ್ಯತ್ಯಾಸ ಸಿಕ್ಕಿತು, ಬಾಕಿ ತೋರಿಸಿತು. ಆ ವ್ಯತ್ಯಾಸ ದಶಮಾಂಶ ಬಿಂದುವಿನ ಹದಿನಾರನೆಯ ಸ್ಥಾನದಲ್ಲಿದೆ. ಪರದೆಗೆ ಬರುವುದು ಎರಡೇ ಸ್ಥಾನ. ಹಾಗಾಗಿ ನೋಡುವವರಿಗೆ ಸೊನ್ನೆ, ಯಂತ್ರಕ್ಕೆ ಸೊನ್ನೆಯಲ್ಲ.

ಇದು ಪೈಥಾನ್‌ನ ದೋಷವಲ್ಲ. ಜಾವಾಸ್ಕ್ರಿಪ್ಟ್, ಜಾವಾ, ಸಿ ಯಾವುದರಲ್ಲಿ ಮಾಡಿದರೂ ಉತ್ತರ ಇದೇ. ಯಂತ್ರ ಕೆಟ್ಟಿಲ್ಲ, ಗುಣಾಕಾರದ ವಿಧಾನದಲ್ಲೂ ತಪ್ಪಿಲ್ಲ. ತಪ್ಪು ನಡೆದದ್ದು ಅದಕ್ಕೂ ಮೊದಲು, 1.10 ಎಂಬ ಬೆಲೆಯನ್ನು ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಂಡ ಕ್ಷಣದಲ್ಲಿ.

ಅದನ್ನು ತಿಳಿಯಲು ನಮ್ಮ ಹಳೆಯ ನಾಣ್ಯಗಳ ಲೆಕ್ಕ ಚೆನ್ನಾಗಿ ಒದಗಿಬರುತ್ತದೆ. 1957ರ ಏಪ್ರಿಲ್ 1ರವರೆಗೆ ಭಾರತದ ರೂಪಾಯಿಗೆ ಹದಿನಾರು ಆಣೆ. ರೂಪಾಯಿಯನ್ನು ಅರ್ಧ ಮಾಡಿದರೆ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಅದರ ಅರ್ಧ ಎರಡಾಣೆ, ಅದರ ಅರ್ಧ ಒಂದಾಣೆ. ಆಣೆಯನ್ನು ಮತ್ತೆರಡು ಸಲ ಅರ್ಧ ಮಾಡಿದರೆ ಹಳೆಯ ಒಂದು ಪೈಸೆ, ಅಂದರೆ ರೂಪಾಯಿಯ ಅರವತ್ತನಾಲ್ಕನೆಯ ಒಂದು ಭಾಗ. ಕಂಪ್ಯೂಟರ್‌ಗೆ ಗೊತ್ತಿರುವ ಭಿನ್ನರಾಶಿಗಳೂ ಇವೇ: ಅರ್ಧ, ಕಾಲು, ಎಂಟನೆಯ ಒಂದು, ಹದಿನಾರನೆಯ ಒಂದು, ಹೀಗೆ ಅರ್ಧದ ಅರ್ಧ ಮಾಡುತ್ತ ಇಳಿಯುವವು. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಬೈನರಿ ಪದ್ಧತಿಯಲ್ಲಿ ಬಿಂದುವಿನ ಬಲಕ್ಕಿರುವ ಒಂದೊಂದು ಸ್ಥಾನವೂ ಇಂಥ ಒಂದೊಂದು ನಾಣ್ಯ. ಅಲ್ಲಿ ಒಂದು ಬರೆದರೆ ಆ ನಾಣ್ಯ ಇಟ್ಟಂತೆ, ಸೊನ್ನೆ ಬರೆದರೆ ಬಿಟ್ಟಂತೆ.

ಈಗ ಇದೇ ನಾಣ್ಯಗಳಲ್ಲಿ ಹೊಸ ಲೆಕ್ಕದ 10 ಪೈಸೆಯನ್ನು ಎಣಿಸಿಡಬೇಕು ಎಂದುಕೊಳ್ಳಿ. ಒಂದಾಣೆ ಇಟ್ಟರೆ 6.25 ಪೈಸೆಯಾಯಿತು. ಅರ್ಧಾಣೆ ಸೇರಿಸಿದರೆ 9.375. ಕಾಲಾಣೆ ಸೇರಿಸಿದರೆ 10ನ್ನು ದಾಟುತ್ತದೆ, ಅದು ಬೇಡ. ಅದರ ಅರ್ಧ ಸೇರಿಸಿದರೂ ದಾಟುತ್ತದೆ, ಅದೂ ಬೇಡ. ಅದರ ಅರ್ಧ ಸೇರಿಸಬಹುದು: 9.765625. ಮತ್ತೂ ಅರ್ಧ: 9.9609375. ಮುಂದಿನ ಎರಡು ಮತ್ತೆ ಬೇಡ, ಆಮೇಲಿನ ಎರಡು ಬೇಕು. ಹೀಗೆ ಎರಡು ಇಡು, ಎರಡು ಬಿಡು ಎಂಬ ಸರದಿ ನಡೆಯುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ 10 ಪೈಸೆಗೆ ಇನ್ನಷ್ಟು ಹತ್ತಿರ ಬರುತ್ತೇವೆ, ಆದರೆ ಎಂದಿಗೂ ತಲುಪುವುದಿಲ್ಲ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೋದರೆ 0.3333 ಎಂದು ಮುಗಿಯದೆ ಸಾಗುತ್ತದಲ್ಲ, ಬೈನರಿಯಲ್ಲಿ ಹತ್ತನೆಯ ಒಂದು ಭಾಗದ ಪಾಡೂ ಅದೇ.

ರೂಪಾಯಿಗೆ ನೂರು ಪೈಸೆ ಎಂದ ಮೇಲೆ 00ರಿಂದ 99ರವರೆಗೆ ನೂರು ಬಗೆಯ ಪೈಸೆ ಭಾಗಗಳಾದವು. ಆ ನೂರರಲ್ಲಿ ಬೈನರಿಯಲ್ಲಿ ಕರಾರುವಾಕ್ಕಾಗಿ ಕೂರುವುದು ನಾಲ್ಕೇ: 00, 25, 50, 75. ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಉಳಿದ ತೊಂಬತ್ತಾರೂ ಅಂದಾಜು. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ಬೆರಗಾಗುತ್ತದೆ. ಆಣೆಯ ಕಾಲದ ಜಮಾಖರ್ಚಿನ ಪುಸ್ತಕವನ್ನು ಇಂದಿನ ಕಂಪ್ಯೂಟರ್‌ಗೆ ಹಾಗೆಯೇ ತುಂಬಿಸಿದ್ದರೆ, ಅದರ ಆಣೆಗಳೂ ಪೈಸೆಗಳೂ ಒಂದು ಕೂದಲೆಳೆಯೂ ತಪ್ಪದೆ ಕೂಡುತ್ತಿದ್ದವು. (ಆಣೆಗೆ ಹನ್ನೆರಡರಂತೆ ಇದ್ದ ಪೈ ಮಾತ್ರ ಕೂಡುತ್ತಿರಲಿಲ್ಲ. ಹನ್ನೆರಡರೊಳಗೆ ಮೂರಿದೆ.)

ಮುಗಿಯದ ಸಾಲನ್ನು ಎಲ್ಲಾದರೂ ಕತ್ತರಿಸಲೇಬೇಕು. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಜಗತ್ತಿಗೆಲ್ಲ ಒಂದು ಒಪ್ಪಂದವಿದೆ. 1985ರಲ್ಲಿ ಬಂದ ಐಇಇಇ 754 ಎಂಬ ಮಾನದಂಡ ಅದು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಅಮೆರಿಕದ ಬರ್ಕ್ಲಿಯಲ್ಲಿದ್ದ ಗಣಿತಜ್ಞ ವಿಲಿಯಂ ಕಹಾನ್. ಈ ಕೆಲಸಕ್ಕಾಗಿ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಈ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಬಳಸುವ ‘ಡಬಲ್’ ಎಂಬ ಬಗೆಯಲ್ಲಿ ಒಂದು ಸಂಖ್ಯೆಗೆ 53 ಬೈನರಿ ಅಂಕಿಗಳ ಜಾಗವಿರುತ್ತದೆ. ಅಷ್ಟರೊಳಗೆ ಹಿಡಿಯುವ ಅತಿ ಹತ್ತಿರದ ಬೆಲೆ ಯಾವುದೋ ಅದನ್ನು ಇಟ್ಟುಕೊಳ್ಳಬೇಕು. ಬಿಂದು ಎಲ್ಲಿದೆ ಎಂಬುದನ್ನು ಬೇರೆಯಾಗಿ ಬರೆದಿಡುವುದರಿಂದ ಅತಿ ದೊಡ್ಡ ಸಂಖ್ಯೆಗೂ ಅತಿ ಚಿಕ್ಕ ಸಂಖ್ಯೆಗೂ ಅದೇ ಜಾಗ ಸಾಲುತ್ತದೆ. ಬಿಂದು ಹೀಗೆ ಅತ್ತಿತ್ತ ತೇಲುವುದರಿಂದಲೇ ಇದಕ್ಕೆ ಫ್ಲೋಟಿಂಗ್ ಪಾಯಿಂಟ್ ಎಂಬ ಹೆಸರು.

ಈಗ ಮಾತ್ರೆಯ ಬಿಲ್ಲಿಗೆ ಮರಳೋಣ. ಕಂಪ್ಯೂಟರ್ 1.10 ಎಂದು ಇಟ್ಟುಕೊಂಡದ್ದು ವಾಸ್ತವದಲ್ಲಿ 1.100000000000000088 ಎಂದು ಶುರುವಾಗುವ ಸಂಖ್ಯೆ, ಅಂದರೆ ಬೆಲೆಗಿಂತ ಕೂದಲೆಳೆಯಷ್ಟು ಹೆಚ್ಚು. ಮೂರರಿಂದ ಗುಣಿಸಿದಾಗ ಆ ಹೆಚ್ಚಳವೂ ಮೂರು ಪಟ್ಟಾಯಿತು. ಅತ್ತ ಗಿರಾಕಿ ಕಳಿಸಿದ 3.30 ಬೇರೆಯದೇ ಸಂಖ್ಯೆಯಾಗಿ ಬಂತು. ಅದಕ್ಕೆ ಅತಿ ಹತ್ತಿರದ ಬೆಲೆ 3.299999999999999822 ಎಂದು ಶುರುವಾಗುವಂಥದ್ದು, ಅಂದರೆ ಕೂದಲೆಳೆಯಷ್ಟು ಕಡಿಮೆ. ಒಂದು ಮೇಲಕ್ಕೆ ಜಾರಿತು, ಇನ್ನೊಂದು ಕೆಳಕ್ಕೆ ಜಾರಿತು. ಎರಡೂ 3.30ಕ್ಕೆ ಆತುಕೊಂಡೇ ಇವೆ. ಆದರೆ ಅವು ಅಕ್ಕಪಕ್ಕದ ಎರಡು ಮನೆಗಳು, ಒಂದೇ ಮನೆಯಲ್ಲ. ಸಮ ಚಿಹ್ನೆ ನೋಡುವುದು ಮನೆಯ ನಂಬರನ್ನು.

ಎಲ್ಲ ಲೆಕ್ಕವೂ ಹೀಗೆ ಕೆಡುತ್ತದೆ ಎಂದಲ್ಲ. 1.10ರ ಎರಡು ಮಾತ್ರೆ ಕೊಂಡರೆ 2.20ಕ್ಕೆ ಸರಿಯಾಗಿ ಸಮವಾಗುತ್ತದೆ. ಎರಡರಿಂದ ಗುಣಿಸುವುದು ಬೈನರಿಗೆ ಬಿಂದು ಸರಿಸಿದಷ್ಟೇ ಸುಲಭ, ಅಲ್ಲಿ ಹೊಸ ತಪ್ಪು ಹುಟ್ಟುವುದಿಲ್ಲ. ಈ ದೋಷ ಅಪಾಯಕಾರಿಯಾಗುವುದು ಇದರಿಂದಲೇ. ಬಹಳಷ್ಟು ಬಿಲ್ಲುಗಳು ಸರಿಯಾಗಿ ಮುಗಿಯುತ್ತವೆ. ಪ್ರೋಗ್ರಾಂ ಬರೆದವರು ಹತ್ತು ಉದಾಹರಣೆ ಹಾಕಿ ನೋಡಿರುತ್ತಾರೆ, ಅವೂ ಹೆಚ್ಚಾಗಿ 100, 250, 49.50ರಂಥ ದುಂಡು ಮೊತ್ತಗಳು. ಅವೆಲ್ಲ ಆಣೆಯ ಲೆಕ್ಕಕ್ಕೆ ಒಗ್ಗುವವು, ಎಡವುವುದೇ ಇಲ್ಲ. ಎಡವುವ ಮೊತ್ತ ಮೊದಲು ಕಾಣುವುದು ಗಿರಾಕಿಯ ಮುಂದೆ.

ಇನ್ನೊಂದು ಬಗೆಯ ಎಡವಟ್ಟಿನಲ್ಲಿ ವ್ಯತ್ಯಾಸ ಹದಿನಾರನೆಯ ಸ್ಥಾನದಲ್ಲಿ ಅಡಗಿ ಕೂರದೆ, ಪೂರ್ತಿ ಒಂದು ಪೈಸೆಯಾಗಿ ಹೊರಗೆ ಬರುತ್ತದೆ. ಬೆಂಗಳೂರಿನ ರೇಜರ್‌ಪೇ ಸೇರಿದಂತೆ ಹಲವು ಪಾವತಿ ಸಂಸ್ಥೆಗಳು ಮೊತ್ತವನ್ನು ಪೈಸೆಯ ಪೂರ್ಣಾಂಕದಲ್ಲೇ ಕಳಿಸಿ ಎಂದು ಕೇಳುತ್ತವೆ. 299 ರೂಪಾಯಿಗೆ 29900 ಎಂದು ಕೊಡಬೇಕು. ಬಹಳ ಒಳ್ಳೆಯ ನಿಯಮ. ಆದರೆ ಅಂಗಡಿಯ ಪ್ರೋಗ್ರಾಂ ಒಳಗಡೆ ರೂಪಾಯಿಯನ್ನು ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಇಟ್ಟುಕೊಂಡಿದ್ದರೆ, ಕೊನೆಗಳಿಗೆಯಲ್ಲಿ ನೂರರಿಂದ ಗುಣಿಸಿ ಪೈಸೆ ಮಾಡುತ್ತದೆ. 64 ರೂಪಾಯಿ 10 ಪೈಸೆಯ ಒಂದು ಸ್ಟ್ರಿಪ್ ಮಾರಿದಾಗ ಆಗುವುದು ಇದು:

```python
>>> 64.10 * 100
6409.999999999999
>>> int(64.10 * 100)
6409
```

`int` ಎಂಬುದು ಬಿಂದುವಿನ ನಂತರದ ಭಾಗವನ್ನು ಕತ್ತರಿಸಿ ಎಸೆಯುವ ಆಜ್ಞೆ. ಅದು ಹತ್ತಿರದ ಪೂರ್ಣಾಂಕವನ್ನು ಹುಡುಕುವುದಿಲ್ಲ, 6409ರ ಮುಂದೆ ಏನಿದ್ದರೂ ತೆಗೆದುಹಾಕುತ್ತದೆ. ಹಾಗಾಗಿ ಗಿರಾಕಿಯ ಖಾತೆಯಿಂದ ಹೋಗುವುದು 64 ರೂಪಾಯಿ 9 ಪೈಸೆ. ಅಂಗಡಿಯ ಬಿಲ್ಲಿನಲ್ಲಿ 64.10, ಬ್ಯಾಂಕಿನ ವಿವರಪಟ್ಟಿಯಲ್ಲಿ 64.09. ರಾತ್ರಿ ಎರಡನ್ನೂ ಎದುರುಬದುರಿಟ್ಟು ತಾಳೆ ನೋಡುವ ಪ್ರೋಗ್ರಾಂ ಈ ವಹಿವಾಟನ್ನು ಹೊಂದಿಕೆಯಾಗದವುಗಳ ಪಟ್ಟಿಗೆ ತಳ್ಳುತ್ತದೆ. ಒಂದು ಪೈಸೆಯ ನಷ್ಟ ಯಾರಿಗೂ ದೊಡ್ಡದಲ್ಲ. ಆದರೆ ಆ ಪಟ್ಟಿಯ ಒಂದೊಂದು ಸಾಲನ್ನೂ ಮನುಷ್ಯರೊಬ್ಬರು ಕುಳಿತು ನೋಡಬೇಕು. ಅವರಿಗೆ ಅಲ್ಲಿ ಕಾಣುವುದು ಸಾಲು ಸಾಲಾಗಿ ಒಂದೊಂದು ಪೈಸೆ ಕಡಿಮೆಯಾದ ಪಾವತಿಗಳು. ಯಾರೋ ಕದಿಯುತ್ತಿದ್ದಾರೆ ಎಂಬ ಅನುಮಾನ ಮೊದಲು ಬರುವುದೇ ಸಹಜ.

ಕತ್ತರಿಸಿ ಎಸೆಯುವ ಅಭ್ಯಾಸ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಪ್ರಸಂಗವಿದೆ. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದು 1000 ಅಂಕಗಳಿಂದ ಆರಂಭವಾಯಿತು. ಷೇರುಗಳು ಕೈ ಬದಲಾದಂತೆಲ್ಲ ಅದನ್ನು ಮತ್ತೆ ಲೆಕ್ಕ ಹಾಕಿ, ಬಿಂದುವಿನ ನಂತರ ಮೂರು ಸ್ಥಾನ ಉಳಿಸಿ, ಮಿಕ್ಕದ್ದನ್ನು ಕತ್ತರಿಸಲಾಗುತ್ತಿತ್ತು. ಪ್ರತಿ ಸಲವೂ ಕತ್ತರಿ ಬೀಳುತ್ತಿದ್ದದ್ದು ಕೆಳಮುಖವಾಗಿಯೇ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ತಪ್ಪು ತಿದ್ದಿ ಹೊಸದಾಗಿ ಲೆಕ್ಕ ಹಾಕಿದಾಗ ಬಂದದ್ದು 1098.892. ಪೇಟೆ ಏರಿತ್ತು, ಸೂಚ್ಯಂಕ ಮಾತ್ರ ಅರ್ಧಕ್ಕೆ ಕುಸಿದಂತೆ ತೋರಿಸುತ್ತಿತ್ತು. ಇಲ್ಲಿ ಬೈನರಿಯ ಪಾತ್ರವಿಲ್ಲ, ಕತ್ತರಿಯದೇ ಎಲ್ಲ ಕೆಲಸ. ಆದರೆ `int` ಬಳಸಿ ಪೈಸೆ ಮಾಡುವ ಪ್ರೋಗ್ರಾಂನಲ್ಲಿ ಎರಡೂ ಕೈಜೋಡಿಸುತ್ತವೆ. ಬೈನರಿ ಒಂದು ಕೂದಲೆಳೆ ಕೆಳಗಿಳಿಸುತ್ತದೆ, ಕತ್ತರಿ ಅದನ್ನು ಇಡೀ ಪೈಸೆಯಾಗಿಸುತ್ತದೆ.

ಪ್ರೋಗ್ರಾಂ ಬರೆಯದವರೂ ಇದನ್ನು ಎಕ್ಸೆಲ್‌ನಲ್ಲಿ ಕಾಣಬಹುದು. ಖಾಲಿ ಕೋಶವೊಂದರಲ್ಲಿ `=.5-.4-.1` ಎಂದು ಬರೆದರೆ ಸೊನ್ನೆ ಬರುತ್ತದೆ. ಪಕ್ಕದ ಕೋಶದಲ್ಲಿ ಅದನ್ನೇ ಆವರಣದೊಳಗಿಟ್ಟು ಒಂದರಿಂದ ಗುಣಿಸಿ `=1*(.5-.4-.1)` ಎಂದು ಬರೆದರೆ `-2.78E-17` ಬರುತ್ತದೆ, ಅಂದರೆ ಸೊನ್ನೆಗಿಂತ ಅತ್ಯಲ್ಪ ಕಡಿಮೆ. ಕೊನೆಯ ಹೆಜ್ಜೆ ಕಳೆಯುವ ಲೆಕ್ಕವಾಗಿದ್ದು ಉತ್ತರ ಸೊನ್ನೆಗೆ ತೀರಾ ಹತ್ತಿರ ಬಂದರೆ ಎಕ್ಸೆಲ್ ಅದನ್ನು ಸೊನ್ನೆಯೆಂದೇ ತೋರಿಸುತ್ತದೆ. ಒಂದರಿಂದ ಗುಣಿಸಿದರೆ ಆ ಮುಸುಕು ಸರಿಯುತ್ತದೆ. ಲೆಕ್ಕಪತ್ರದಲ್ಲಿ `E-14`, `E-17` ಎಂದು ಕೊನೆಯಾಗುವ ಬಾಕಿಯೋ, ಸೊನ್ನೆಯ ಹಿಂದೆ ಕಳೆಯುವ ಚಿಹ್ನೆ ಹೊತ್ತ `-0.00` ಎಂಬ ಬಾಕಿಯೋ ಕಂಡರೆ, ಅಲ್ಲಿ ಹಣ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಕುಳಿತಿದೆ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಇನ್ನೊಂದು ಗುರುತು ಕೂಡಿಸುವ ಸರದಿ. 0.1, 0.2, 0.3 ಈ ಮೂರನ್ನು ಎಡದಿಂದ ಕೂಡಿದರೆ 0.6000000000000001, ಕೊನೆಯ ಎರಡನ್ನು ಮೊದಲು ಕೂಡಿದರೆ 0.6. ತಾರೀಖಿನ ಪ್ರಕಾರ ಜೋಡಿಸಿದ ಪಟ್ಟಿಯ ಮೊತ್ತವೂ ಗಿರಾಕಿಯ ಹೆಸರಿನ ಪ್ರಕಾರ ಜೋಡಿಸಿದ ಅದೇ ಪಟ್ಟಿಯ ಮೊತ್ತವೂ ಬೇರೆಯಾಗುತ್ತಿದ್ದರೆ ಕಾರಣ ಇದೇ ಇರಬಹುದು.

ಹಾಗಾದರೆ ಕಹಾನ್ ಮತ್ತವರ ಜೊತೆಗಾರರು ಇಂಥ ತಪ್ಪು ಲೆಕ್ಕವನ್ನು ಜಗತ್ತಿಗೇಕೆ ಕೊಟ್ಟರು? ಅವರು ಕೊಟ್ಟದ್ದು ಅಳತೆಯ ಲೆಕ್ಕ. ಸೇತುವೆಯ ಭಾರ, ಗಾಳಿಯ ಒತ್ತಡ, ಉಪಗ್ರಹದ ದೂರ ಇವನ್ನೆಲ್ಲ ಅಳೆಯಬೇಕು. ಅಳತೆಯಲ್ಲಿ ಸಾಧನದ್ದೇ ಒಂದಿಷ್ಟು ತಪ್ಪು ಇರುವುದರಿಂದ ಹದಿನಾರನೆಯ ಸ್ಥಾನದ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಎರಡು ಅಳತೆಗಳು ಕೂದಲೆಳೆಗೂ ಸಮ ಬಂದಿವೆಯೇ ಎಂದು ಯಾವ ಇಂಜಿನಿಯರೂ ಕೇಳುವುದಿಲ್ಲ. ಹಣವನ್ನು ಯಾರೂ ಅಳೆಯುವುದಿಲ್ಲ, ಎಣಿಸುತ್ತಾರೆ. 330 ಪೈಸೆ ಎಂದರೆ 330 ಪೈಸೆಯೇ. ಕಂಪ್ಯೂಟರ್ ತಯಾರಕರಿಗೆ ಈ ಭೇದ ಮೊದಲಿನಿಂದಲೂ ಗೊತ್ತಿತ್ತು. 1950ರ ದಶಕದಲ್ಲಿ ಐಬಿಎಂ ವಿಜ್ಞಾನಿಗಳಿಗಾಗಿ 701 ಎಂಬ ಬೈನರಿ ಯಂತ್ರವನ್ನೂ ವ್ಯಾಪಾರದ ಕಚೇರಿಗಳಿಗಾಗಿ 702 ಎಂಬ ದಶಮಾಂಶ ಯಂತ್ರವನ್ನೂ ಬೇರೆ ಬೇರೆಯಾಗಿಯೇ ಕಟ್ಟಿತು. ಬ್ಯಾಂಕುಗಳು ದಶಕಗಟ್ಟಲೆ ನೆಚ್ಚಿಕೊಂಡ ಕೋಬಾಲ್ ಭಾಷೆಯಲ್ಲಿ ಹಣದ ಜಾಗವನ್ನು ದಶಮಾಂಶ ಅಂಕಿಗಳಲ್ಲೇ ಹೇಳಬೇಕು: ಬಿಂದುವಿನ ಎಡಕ್ಕೆ ಇಷ್ಟು, ಬಲಕ್ಕೆ ಎರಡು ಎಂದು. ಭೇದ ಮಸುಕಾದದ್ದು ಆಮೇಲೆ. ಬಿಂದುವಿರುವ ಸಂಖ್ಯೆಯೊಂದನ್ನು ಸುಮ್ಮನೆ ಬರೆದರೆ ಅದನ್ನು ಫ್ಲೋಟಿಂಗ್ ಪಾಯಿಂಟ್ ಎಂದೇ ತಿಳಿಯುವ ಭಾಷೆಗಳು ಮನೆಮಾತಾದ ಮೇಲೆ, 1.10 ಎಂದು ಬರೆದವರಿಗೆ ತಾವು ಅಳತೆಪಟ್ಟಿಯಿಂದ ಹಣ ಎಣಿಸುತ್ತಿದ್ದೇವೆ ಎಂಬುದು ಗೊತ್ತಾಗದೆ ಹೋಯಿತು.

ತೊಂದರೆ ಕಂಡವರು ಸಾಮಾನ್ಯವಾಗಿ ಮೊದಲು ಮಾಡುವುದು ಸಮ ಚಿಹ್ನೆಯನ್ನು ಸಡಿಲಿಸುವುದು. ಎರಡೂ ಮೊತ್ತಗಳ ವ್ಯತ್ಯಾಸ ತೀರಾ ಚಿಕ್ಕದಾಗಿದ್ದರೆ ಸಮವೆಂದುಕೋ ಎಂದು ಹೇಳಿಬಿಡುತ್ತಾರೆ. ಎಷ್ಟು ಚಿಕ್ಕದು? ಅನೇಕರು ‘ಎಪ್ಸಿಲಾನ್’ ಎಂಬ ಸಿದ್ಧ ಸಂಖ್ಯೆಯನ್ನು ಎತ್ತಿಕೊಳ್ಳುತ್ತಾರೆ. ಅದು 1ಕ್ಕೂ ಅದರ ಮುಂದಿನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗೂ ನಡುವಿನ ಅಂತರ, ಸುಮಾರು 2.2E-16. ಮಾತ್ರೆಯ ಬಿಲ್ಲಿನ ವ್ಯತ್ಯಾಸ ಅದರ ಎರಡರಷ್ಟು, 4.4E-16. ಅಂದರೆ ಈ ಮದ್ದು ಮೂರು ರೂಪಾಯಿಯ ಬಿಲ್ಲಿಗೇ ತಾಗುವುದಿಲ್ಲ. ಸಂಖ್ಯೆ ದೊಡ್ಡದಾದಂತೆ ಅಕ್ಕಪಕ್ಕದ ಸಂಖ್ಯೆಗಳ ಅಂತರವೂ ದೊಡ್ಡದಾಗುತ್ತದೆ. ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಅದು ಸುಮಾರು 1.5E-11. ಅರ್ಧ ಪೈಸೆಗಿಂತ ಕಡಿಮೆ ವ್ಯತ್ಯಾಸವಿದ್ದರೆ ಸಮ ಎಂದು ಇಟ್ಟುಕೊಂಡರೆ ಮಾತ್ರೆಯ ಬಿಲ್ಲು ಮುಗಿಯುತ್ತದೆ, ನಿಜ. ಆದರೆ ಅದು ಹೋಲಿಸುವ ಒಂದು ಜಾಗವನ್ನಷ್ಟೇ ಸರಿಮಾಡಿತು. ಅದೇ ಮೊತ್ತವನ್ನು ಇನ್ನೊಂದು ಕಡೆ ಯಾರೋ `int` ಮಾಡಿದರೆ 6409 ಮತ್ತೆ ಹುಟ್ಟುತ್ತದೆ.

‘ಡಬಲ್’ ಬದಲು ಅದರ ಅರ್ಧ ಗಾತ್ರದ, 24 ಬೈನರಿ ಅಂಕಿಗಳ ಬಗೆಯಲ್ಲಿ ಹಣವನ್ನಿಟ್ಟರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹಲವು ಭಾಷೆಗಳಲ್ಲಿ `float` ಎಂದರೆ ಇದೇ. 1,31,072 ರೂಪಾಯಿ ದಾಟಿದ ಮೇಲೆ ಅದರಲ್ಲಿ ಅಕ್ಕಪಕ್ಕದ ಸಂಖ್ಯೆಗಳ ಅಂತರ ರೂಪಾಯಿಯ ಅರವತ್ತನಾಲ್ಕನೆಯ ಒಂದು ಭಾಗ, ಅಂದರೆ ಆಣೆಯ ಕಾಲದ ಒಂದು ಪೈಸೆ. ಹೊಸ ಪೈಸೆಗೆ ಅಲ್ಲಿ ಜಾಗವೇ ಇಲ್ಲ. 1,50,000 ರೂಪಾಯಿ 10 ಪೈಸೆ ಎಂದು ಇಟ್ಟರೆ 1,50,000.09375 ಆಗಿ ಕೂರುತ್ತದೆ, ಮುದ್ರಿಸುವಾಗ 1,50,000.09 ಆಗಿ ಹೊರಬರುತ್ತದೆ.

ಗಟ್ಟಿ ಪರಿಹಾರ ಎರಡು ಬಗೆಯವು. ಒಂದು, ಹಣವನ್ನು ಪೈಸೆಯ ಪೂರ್ಣಾಂಕವಾಗಿ ಇಡುವುದು. ಮಾತ್ರೆಗೆ 110, ಮೂರಕ್ಕೆ 330, ಬಂದ ಹಣ 330. ಪೂರ್ಣಾಂಕಗಳನ್ನು ಬೈನರಿ ಒಂದಿಷ್ಟೂ ಕೆಡಿಸುವುದಿಲ್ಲ. ಪರದೆಗೆ ತರುವಾಗ ಮಾತ್ರ ಬಲದಿಂದ ಎರಡು ಅಂಕಿ ಬಿಟ್ಟು ಬಿಂದು ಹಾಕಿದರೆ ಸಾಕು. ಜಾವಾಸ್ಕ್ರಿಪ್ಟ್‌ನಂತೆ ಸಾಮಾನ್ಯ ಸಂಖ್ಯೆಗಳಿಗೆಲ್ಲ ಡಬಲ್ ಒಂದನ್ನೇ ಬಳಸುವ ಭಾಷೆಯಲ್ಲೂ 9,00,71,99,25,47,40,992ರವರೆಗಿನ ಪೂರ್ಣಾಂಕಗಳು ಕರಾರುವಾಕ್ಕು. ಪೈಸೆಯಲ್ಲಿ ಅಷ್ಟೆಂದರೆ 90 ಲಕ್ಷ ಕೋಟಿ ರೂಪಾಯಿ. ಔಷಧಿ ಅಂಗಡಿಗೆ ಧಾರಾಳವಾಗಿ ಸಾಕು.

ಎರಡನೆಯದು, ದಶಮಾಂಶ ಅಂಕಿಗಳಲ್ಲೇ ಲೆಕ್ಕ ಹಾಕುವ ಬಗೆ. ಪೈಥಾನ್‌ನಲ್ಲಿ `Decimal`, ಜಾವಾದಲ್ಲಿ `BigDecimal`, ಡೇಟಾಬೇಸುಗಳಲ್ಲಿ `DECIMAL` ಅಥವಾ `NUMERIC`. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ, ಬೆಲೆಯನ್ನು ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿ ಕೊಡುವುದನ್ನು ಮರೆಯುವುದು:

```python
>>> from decimal import Decimal
>>> Decimal("1.10") * 3 == Decimal("3.30")
True
>>> Decimal(1.10) * 3 == Decimal("3.30")
False
```

ಚಿಹ್ನೆ ಬಿಟ್ಟರೆ 1.10 ಮೊದಲು ಫ್ಲೋಟಿಂಗ್ ಪಾಯಿಂಟ್ ಆಗಿ ಕೆಟ್ಟು, ಕೆಟ್ಟದ್ದೇ ಅಂಕಿ ಅಂಕಿಯಾಗಿ ಒಳಗೆ ಬರುತ್ತದೆ. ಹಾಲಿಗೆ ನೀರು ಬೆರೆತ ಮೇಲೆ ಪಾತ್ರೆ ಬದಲಿಸಿದರೆ ಏನೂ ಆಗದು. ಹಣ ಪ್ರಯಾಣಿಸುವ ದಾರಿಯುದ್ದಕ್ಕೂ ಇದನ್ನು ನೋಡಿಕೊಳ್ಳಬೇಕು. ಡೇಟಾಬೇಸಿನಲ್ಲಿ ಮೊತ್ತ ಅಚ್ಚುಕಟ್ಟಾಗಿ ದಶಮಾಂಶದಲ್ಲಿರುತ್ತದೆ. ಅಲ್ಲಿಂದ ಬ್ರೌಸರಿಗೆ ಸಂಖ್ಯೆಯ ರೂಪದಲ್ಲಿ ಹೊರಟರೆ, ತಲುಪುವಷ್ಟರಲ್ಲಿ ಮತ್ತೆ ಡಬಲ್ ಆಗಿರುತ್ತದೆ. ಅಕ್ಷರವಾಗಿಯೋ ಪೈಸೆಯಾಗಿಯೋ ಕಳಿಸಿದರೆ ಈ ತೊಡಕಿಲ್ಲ.

ದಶಮಾಂಶಕ್ಕೆ ಬಂದರೂ ರೌಂಡ್ ಆಫ್ ಮಾಡುವ ಪ್ರಶ್ನೆ ಉಳಿದೇ ಉಳಿಯುತ್ತದೆ, ಅದು ಕಂಪ್ಯೂಟರಿನದಲ್ಲ, ಕಾನೂನಿನದು. 10 ರೂಪಾಯಿ 70 ಪೈಸೆಯ ಮೇಲೆ ಶೇ 25ರ ರಿಯಾಯಿತಿ ಎಂದರೆ 2.675 ರೂಪಾಯಿ. ಶಾಲೆಯಲ್ಲಿ ಕಲಿತಂತೆ ಅದು 2.68. ಪೈಥಾನ್‌ನಲ್ಲಿ `round(2.675, 2)` ಎಂದರೆ 2.67. ಒಳಗಿರುವುದು 2.67499 ಎಂದು ಶುರುವಾಗುವ ಸಂಖ್ಯೆಯಾದ್ದರಿಂದ ಅದು ಕೆಳಗಿಳಿಯಿತು. ಇದು ಬೈನರಿಯ ತಪ್ಪು. ಈಗ ಬೈನರಿಗೆ ಏನೂ ತೊಂದರೆಯಿಲ್ಲದ ಲೆಕ್ಕವೊಂದನ್ನು ನೋಡಿ. 6,825 ರೂಪಾಯಿಯ ಮೇಲೆ ಶೇ 18ರ ಜಿಎಸ್‌ಟಿ 1,228 ರೂಪಾಯಿ 50 ಪೈಸೆ. ಎಂಟಾಣೆ ಕರಾರುವಾಕ್ಕಾಗಿ ಕೂರುವ ಭಾಗ. ತೆರಿಗೆಯನ್ನು ಪೂರ್ತಿ ರೂಪಾಯಿಗೆ ತರುವಾಗ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಮಾಡಬೇಕು, ಕಡಿಮೆಯಿದ್ದರೆ ಬಿಡಬೇಕು ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೆಯ ಕಲಂ ಹೇಳುತ್ತದೆ. ಅಂದರೆ 1,229. ಪೈಥಾನ್‌ನ `round` ಕೊಡುವುದು 1,228! ಸರಿಯಾಗಿ ಅರ್ಧದಲ್ಲಿರುವುದನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವ ಪದ್ಧತಿ ಅದರದು. ಸಾವಿರಾರು ಅಳತೆಗಳ ಸರಾಸರಿ ಮೇಲಕ್ಕೆ ವಾಲದಿರಲಿ ಎಂದು ಮಾಡಿಕೊಂಡ ಒಳ್ಳೆಯ ಪದ್ಧತಿಯೇ, ಆದರೆ ನಮ್ಮ ತೆರಿಗೆ ಕಾಯ್ದೆಯದ್ದಲ್ಲ. `Decimal` ಬಳಸುವವರು `ROUND_HALF_UP` ಎಂದು ಬಾಯಿಬಿಟ್ಟು ಹೇಳಬೇಕು.

ಭಾಗಾಕಾರದಲ್ಲಿ ಇನ್ನೊಂದು ತೀರ್ಮಾನ ಮನುಷ್ಯರೇ ಮಾಡಬೇಕಾಗುತ್ತದೆ. ನೂರು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33.33, ಒಟ್ಟು 99.99. ಉಳಿದ ಒಂದು ಪೈಸೆಯನ್ನು ಯಾವ ಲೆಕ್ಕವೂ ಮೂರು ಪಾಲು ಮಾಡಲಾರದು. ಮೊದಲನೆಯವರಿಗೆ 33.34 ಎಂದೋ ಕೊನೆಯವರಿಗೆ ಎಂದೋ ಮೊದಲೇ ಗೊತ್ತುಮಾಡಿ ಪ್ರೋಗ್ರಾಂನಲ್ಲಿ ಬರೆದಿಟ್ಟರೆ, ಪಾಲುಗಳ ಮೊತ್ತ ಯಾವತ್ತೂ ನೂರಕ್ಕೆ ಸಮ. ಬರೆಯದಿದ್ದರೆ ಆ ಪೈಸೆ ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರ ಮೇಜಿನ ಮೇಲೆ ಸಿಗುತ್ತದೆ.

ಹೊಸ ಪ್ರೋಗ್ರಾಂ ಬರೆಯುವಾಗ ಇದೆಲ್ಲ ಸುಲಭ. ಹಲವು ವರ್ಷ ಫ್ಲೋಟಿಂಗ್ ಪಾಯಿಂಟ್‌ನಲ್ಲೇ ನಡೆದ ಅಂಗಡಿಯ ಹಳೆಯ ದಾಖಲೆಗಳನ್ನು ಪೈಸೆಗೆ ತರುವುದು ಹೆಚ್ಚು ತಾಳ್ಮೆಯ ಕೆಲಸ. ಒಂದೊಂದು ಬಿಲ್ಲಿನ ಒಂದೊಂದು ಸಾಲನ್ನೂ ನೂರರಿಂದ ಗುಣಿಸಿ, ಕತ್ತರಿಸದೆ, ಹತ್ತಿರದ ಪೂರ್ಣಾಂಕಕ್ಕೆ ತರಬೇಕು. 6409.999999999999 ಆಗ 6410 ಆಗುತ್ತದೆ. ಆಮೇಲೆ ಸಾಲುಗಳನ್ನು ಪೈಸೆಯಲ್ಲೇ ಹೊಸದಾಗಿ ಕೂಡಿ, ಬಿಲ್ಲಿನ ಅಡಿಯಲ್ಲಿ ಮೊದಲಿದ್ದ ಮೊತ್ತದ ಜೊತೆ ಇಟ್ಟು ನೋಡಬೇಕು. ಬಹುತೇಕ ಬಿಲ್ಲುಗಳು ಕೂಡಿಬರುತ್ತವೆ. ಕೂಡಿಬರದವುಗಳಲ್ಲಿ ಹೊಸ ಮೊತ್ತವೇ ಸರಿ ಎಂದು ಹಳೆಯದನ್ನು ಅಳಿಸುವ ಹಾಗಿಲ್ಲ, ಗಿರಾಕಿ ಕೊಟ್ಟದ್ದೂ ತೆರಿಗೆ ಕಟ್ಟಿದ್ದೂ ಹಳೆಯದರ ಮೇಲೆಯೇ. ಅಂಥ ಬಿಲ್ಲಿಗೆ ರೌಂಡ್ ಆಫ್ ಎಂದು ಒಂದು ಪೈಸೆಯ ಸಾಲನ್ನು ಬೇರೆಯಾಗಿ ಸೇರಿಸಿ, ಯಾವ ದಿನ ಯಾವ ಕಾರಣಕ್ಕೆ ಸೇರಿಸಿದ್ದೆಂದು ಪಕ್ಕದಲ್ಲಿ ಬರೆದಿಡುತ್ತಾರೆ.